ನಮ್ಮ ಪಾಲಿನ ಕಲಶ

ನಮ್ಮೂರು ದಕ್ಷಿಣ ಕನ್ನಡದ ಒಂದು ಚಿಕ್ಕ ಗ್ರಾಮ. ಕಳೆದ ಬೇಸಗೆಯ ರಜೆಯಲ್ಲಿ ಅಲ್ಲಿಯ ದೇವಸ್ಥಾನದ ಜೀರ್ಣೋದ್ಧಾರ ಮುಗಿದು ಬ್ರಹ್ಮಕಲಶೋತ್ಸವ ಜರಗಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. “ಓದಿದ ಹುಡುಗ, ಲೆಕ್ಕ ತಪ್ಪಲಾರ” ಎಂದು ಸಮಿತಿಯ ಹಿರಿಯರು ನನ್ನನ್ನು ರಸೀದಿ ಬರೆಯುವ ಮೇಜಿನ ಮುಂದೆ ಕುಳ್ಳಿರಿಸಿದರು.

ಒಂದು ಕಲಶಸೇವೆಗೆ 500 ರೂಪಾಯಿ. ರಸೀದಿಯಲ್ಲಿ ಹೆಸರು, ನಕ್ಷತ್ರ, ರಾಶಿ, ಗೋತ್ರ ಬರೆಯಬೇಕು. ಮೊದಲ ದಿನ ಸಂಜೆ ನನ್ನ ಅಪ್ಪನೇ ಬಂದು ಸರದಿಯಲ್ಲಿ ನಿಂತರು. ಅಮ್ಮ ಬೀಡಿ ಕಟ್ಟಿ ಉಳಿಸಿದ ಹಣ ಅವರ ಕೈಯಲ್ಲಿತ್ತು. ನನ್ನ ಪರೀಕ್ಷಾಶುಲ್ಕ ಕಟ್ಟುವುದಿನ್ನೂ ಬಾಕಿಯಿದ್ದುದರಿಂದ ನನಗೆ ಒಳಗೊಳಗೇ ಸಿಟ್ಟು. ಗೋತ್ರದ ಅಂಕಣ ಬಂದಾಗ ಅಪ್ಪ ಸುಮ್ಮನಾದರು. ನಮಗೆ ‘ಬರಿ’ ಗೊತ್ತು, ಗೋತ್ರ ಗೊತ್ತಿಲ್ಲ. ಪಕ್ಕದಲ್ಲಿದ್ದ ಭಟ್ಟರು, “ತಿಳಿಯದವರಿಗೆ ಕಾಶ್ಯಪವೆಂದು ಬರೆಯುವುದು ರೂಢಿ, ಬರೆ ಮಾರಾಯ” ಎಂದರು. ಬರೆದೆನು.

ಮೂರನೆಯ ದಿನ ಲೆಕ್ಕ ಕೂಡಿಸುವಾಗ ಎದೆ ಧಸಕ್ಕೆಂದಿತು. ಹರಿದ ರಸೀದಿಗಳು 312. ಮಂಟಪದಲ್ಲಿ ಇಡಲಿರುವ ಕಲಶಗಳು 108. ಉಳಿದ 204 ಮಂದಿಯ ಕಲಶಗಳೆಲ್ಲಿ? ಅಪ್ಪನದು ಯಾವುದು? ಇದು ಮೋಸವಲ್ಲವೆ ಎಂದು ಭಟ್ಟರನ್ನೇ ಕೇಳಿಬಿಟ್ಟೆನು. ಅವರು ಸಿಟ್ಟಾಗಲಿಲ್ಲ. “ಇಂದು, ನಾಳೆ ನನ್ನ ಹಿಂದೆಯೇ ಇದ್ದು ನೋಡು” ಎಂದರು.

ಅಂದು ತತ್ತ್ವಹೋಮ. ಕೆಲಸ ನಡೆಯುವಷ್ಟು ಕಾಲ ದೇವರ ಸಾನ್ನಿಧ್ಯವನ್ನು ಗರ್ಭಗುಡಿಯಿಂದ ಕಲಶಕ್ಕೆ ಆವಾಹಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜಿಸುತ್ತಿದ್ದರು. ಈಗ ಅದನ್ನು ಮರಳಿ ಬಿಂಬಕ್ಕೆ ತರಬೇಕು. ತಂತ್ರಿಗಳು ಅಗ್ನಿಗೆ ತುಪ್ಪದ ಆಹುತಿಯಿತ್ತು, ಪ್ರತಿ ಆಹುತಿಯ ಬಳಿಕ ಸ್ರುವದಲ್ಲಿ ಉಳಿದ ತೊಟ್ಟನ್ನು ಒಂದು ಪಾತ್ರೆಗೆ ಹಾಕುತ್ತಿದ್ದರು. ಇದಕ್ಕೆ ಸಂಪಾತವೆಂದು ಹೆಸರು. ಅದು ಕೊನೆಗೆ ಬಿಂಬವನ್ನು ಸೇರುತ್ತದೆ. ಹೋಮದ ಫಲ ಹೊಗೆಯಾಗಿ ಹೋಗದೆ ಕಲ್ಲಿಗೆ ದಾಟುವ ದಾರಿ ಇದೆಂದು ಭಟ್ಟರು ಹೇಳಿದರು.

ಬಿಂಬವನ್ನು ಪೀಠಕ್ಕೆ ಬೆಸೆಯುವುದು ಅಷ್ಟಬಂಧ. ಶಂಖ, ಅಳಲೆಕಾಯಿ, ನೆಲ್ಲಿಕಾಯಿ, ಅರಗು, ರಾಳ, ಹೊಳೆಯ ಮರಳು, ಸಣ್ಣ ಕಲ್ಲು, ಹತ್ತಿ ಇವನ್ನೆಲ್ಲ ಸೇರಿಸಿ ದಿನಗಟ್ಟಲೆ ಕುಟ್ಟಿದ ಅಂಟು ಅದು. ಕುಟ್ಟಿದ್ದು ಸಾಲದಿದ್ದರೆ ಒಣಗಿ ಬಿರಿಯುತ್ತದೆ. ಅಭಿಷೇಕದ ನೀರು ಸಂದಿಗೆ ಇಳಿಯುತ್ತದೆ. ನಮ್ಮೂರಿನಲ್ಲಿ ಹಾಗೆ ನೀರಿಳಿಯುವುದು ಕಂಡ ಮೇಲೆಯೇ ಜೀರ್ಣೋದ್ಧಾರದ ಮಾತು ಹುಟ್ಟಿತ್ತು.

ಮರುದಿನ ಸಂಜೆ ಕಲಶಗಳನ್ನು ತುಂಬಿದರು. ಪ್ರತಿ ಕಲಶಕ್ಕೂ ನೂಲು ಸುತ್ತಿದ್ದರು. ಕಲಶ ದೇಹವಾದರೆ ನೂಲು ಅದರ ನಾಡಿಯಂತೆ. ನೆಲದ ಮೇಲೆ ಮಂಡಲ ಬರೆದು, ಅಕ್ಕಿ ಹರಡಿ, ನಡುವೆ ಬ್ರಹ್ಮಕಲಶ, ಸುತ್ತ ಉಳಿದವು. ಕೆಲವಕ್ಕೆ ಹಾಲು, ಮೊಸರು, ತುಪ್ಪ, ಜೇನು, ಮಿಕ್ಕವಕ್ಕೆ ನೀರು. ಮಾವಿನೆಲೆ, ದರ್ಭೆಯ ಕೂರ್ಚ, ತೆಂಗಿನಕಾಯಿ ಇಟ್ಟರು. ಯಾವುದರ ಮೇಲೂ ಯಾರ ಹೆಸರೂ ಇರಲಿಲ್ಲ. ಬಳಿಕ ಭಟ್ಟರು ನನ್ನ ರಸೀದಿ ಪುಸ್ತಕಗಳನ್ನು ತರಿಸಿ ಸಂಕಲ್ಪದಲ್ಲಿ 312 ಹೆಸರುಗಳನ್ನೂ ಓದಿದರು. ನನ್ನ ಬರಹ ಅಲ್ಲಲ್ಲಿ ತಿಳಿಯದೆ ತಡವರಿಸಿದಾಗ ನಾನು ನಾಚಿದೆನು. ಕಾಶ್ಯಪಗೋತ್ರದ ಅಪ್ಪನ ಹೆಸರೂ ಬಂತು. ರಾತ್ರಿಯಿಡೀ ಕಲಶಗಳು ಹಾಗೆಯೇ ಇದ್ದವು.

ಬೆಳಿಗ್ಗೆ ಮುಹೂರ್ತಕ್ಕೆ ಸರಿಯಾಗಿ ಒಂದೊಂದನ್ನೇ ಎತ್ತಿ ಗರ್ಭಗುಡಿಗೆ ಒಯ್ದು ಅಭಿಷೇಕ ಮಾಡಿದರು. ಕೊನೆಗೆ ಬ್ರಹ್ಮಕಲಶ. ಎಲ್ಲ ನೀರೂ ಒಂದೇ ಬಿಂಬದ ಮೇಲೆ ಬಿದ್ದು ಒಂದೇ ಸೋಮಸೂತ್ರದಲ್ಲಿ ಹರಿದು ಹೊರಬಂತು.

ಆದರೂ ‘ಒಂದು ಕಲಶ’ ಎಂದು ಅಚ್ಚುಹಾಕಿದ ರಸೀದಿ ನನಗೆ ಸರಿಯೆನಿಸಲಿಲ್ಲ. ‘ಕಲಶಸೇವೆಯಲ್ಲಿ ಪಾಲು’ ಎಂದಿರಬೇಕಿತ್ತು. ಸಮಿತಿಯ ಹಿರಿಯರಿಗೆ ಹಾಗೆಂದು ಹೇಳಿದೆನು. ಅವರು ನಕ್ಕು ಸುಮ್ಮನಾದರು.

ಮಧ್ಯಾಹ್ನ ಅನ್ನಸಂತರ್ಪಣೆಯ ಪಂಕ್ತಿಯಲ್ಲಿ ಅಪ್ಪನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆನು. ಅಪ್ಪ ಎಲೆಯ ಮೇಲಿನ ಅನ್ನ ತೋರಿಸಿ ತುಳುವಿನಲ್ಲಿ ಅಂದರು: “ಹೊರೆಕಾಣಿಕೆಗೆ ನಾವು ಹತ್ತು ಸೇರು ಅಕ್ಕಿ ಹೊತ್ತು ತಂದೆವಲ್ಲ ಮಗಾ, ಇದರಲ್ಲಿ ನಮ್ಮ ಅಕ್ಕಿ ಯಾವುದು?”

ನನ್ನಲ್ಲಿ ಉತ್ತರವಿರಲಿಲ್ಲ. ಪರೀಕ್ಷಾಶುಲ್ಕವನ್ನು ಅಪ್ಪ ಮುಂದಿನ ವಾರ ಸಾಲ ಮಾಡಿ ಕಟ್ಟಿದರು. ಆ ಸಾಲ ಮಾತ್ರ ನಮ್ಮ ಮನೆಯದೇ. ಅದನ್ನು ತೀರಿಸುವ ಪಾಲು ನನ್ನದು.