ಒಳಗಿನವರ ರೆಸ್ಯೂಮೆ

ಪುಣೆ ಹತ್ತಿರ, ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಧಾರವಾಡ ಕಡೆಯ ಮಹಿಳೆಯೊಬ್ಬರು ಏಳು ವರ್ಷದಿಂದ ಪ್ಲಾನಿಂಗ್ ಎಕ್ಸಿಕ್ಯೂಟಿವ್. ಕಂಪನಿಯ ಇನ್ನೊಂದು ಘಟಕದಲ್ಲಿ ಒಂದು ಗ್ರೇಡ್ ಮೇಲಿನ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ ಖಾಲಿಯಾಯಿತು. ಹಿಂದೊಮ್ಮೆ ಇಂಥದೇ ಹುದ್ದೆಗೆ ಅವರಿಗಿಂತ ಕಡಿಮೆ ಅನುಭವದ ಹೊರಗಿನವನೊಬ್ಬ ಬಂದಿದ್ದ. ಈಗಿರುವ ಜಾಗಕ್ಕೆ ನೀವೇ ಸರಿ ಎಂದು ಆಗ ಅವರನ್ನು ಹೊಗಳಿಯೇ ಕಳಿಸಿದ್ದರು.

ಈ ಸಲದ ರೆಸ್ಯೂಮೆಯಲ್ಲೂ ಮೊದಲು ಬರೆದದ್ದು ಅದೇ: ದಿನದ ಸ್ಟಾಕ್ ವರದಿ, ಸಪ್ಲೈಯರ್ ಫಾಲೋ-ಅಪ್, ಸತತ ಉತ್ತಮ ರೇಟಿಂಗ್. ಎಚ್‌ಆರ್ ಕೆಲಸದಿಂದ ನಿವೃತ್ತರಾದ ಊರಿನ ಹಿರಿಯರೊಬ್ಬರು ಓದಿ, "ತಂಗಿ, ಇದು ನೀ ಮಾಡೂ ಕೆಲಸದ ಪಟ್ಟಿ ಆತು. ಮುಂದಿನ ಗ್ರೇಡಿನ ಕೆಲಸ ಇದರಾಗ ಎಲ್ಲೈತಿ?" ಎಂದರು.

ಹೊರಗಿನವನು ಇಂಥ ಪಟ್ಟಿ ಕೊಟ್ಟರೆ, ಅಷ್ಟು ಮಾಡಿದವನು ಇನ್ನಷ್ಟು ಮಾಡಿಯಾನು ಎಂದು ಪ್ಯಾನೆಲ್ ಊಹಿಸಿಕೊಳ್ಳುತ್ತದೆ. ಅವನ ಬಗ್ಗೆ ಬೇರೇನೂ ಗೊತ್ತಿರುವುದಿಲ್ಲವಲ್ಲ. ಒಳಗಿನವರ ವಿಷಯದಲ್ಲಿ ಊಹೆಗೆ ಜಾಗವೇ ಇಲ್ಲ. ಅದೇ ಪಟ್ಟಿ ಈಗಿನ ಗ್ರೇಡಿಗೆ ಮುದ್ರೆ ಒತ್ತಿದಂತೆ. ಒಳ್ಳೆಯ ರೇಟಿಂಗ್ ಕೂಡ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ ಎನ್ನುತ್ತದೆಯೇ ಹೊರತು ಮುಂದಿನದರ ಬಗ್ಗೆ ಏನೂ ಹೇಳುವುದಿಲ್ಲ.

ಹಾಗಾಗಿ ಅವರು ತಾವೇ ತೀರ್ಮಾನ ತೆಗೆದುಕೊಂಡ ಸಂದರ್ಭಗಳನ್ನು ಹುಡುಕಿದರು. ಮ್ಯಾನೇಜರ್ ಆರು ವಾರ ರಜೆಯಲ್ಲಿದ್ದಾಗ ಆಮದು ಬೇರಿಂಗುಗಳ ಸೇಫ್ಟಿ ಸ್ಟಾಕನ್ನು 30 ದಿನದಿಂದ 20ಕ್ಕೆ ಇಳಿಸಿದ್ದರು. ಗೋದಾಮಿನಲ್ಲಿ ಕೊಳೆಯುತ್ತಿದ್ದ ಹಣ ಕಡಿಮೆಯಾಗಿತ್ತು. ಆದರೆ ನಾವಾ ಶೇವಾ ಬಂದರಿನಲ್ಲಿ ಕಂಟೇನರ್ ಸಿಕ್ಕಿಬಿದ್ದು ಒಂದು ಲೈನು ಮೂರು ತಾಸು ನಿಂತಿತು. ಆಮೇಲೆ 24 ದಿನಕ್ಕೆ ನಿಲ್ಲಿಸಿದರು. ಲೈನು ನಿಂತದ್ದನ್ನೂ ರೆಸ್ಯೂಮೆಯಲ್ಲಿ ಬರೆಯಬೇಕೇ ಎಂದು ಎರಡು ದಿನ ಯೋಚಿಸಿ, ಬರೆದರು. ಹೊರಗಿನವನಾದರೆ ಬಿಟ್ಟಿದ್ದರೂ ನಡೆಯುತ್ತಿತ್ತು. ಒಳಗಿನವರ ಪ್ರತಿ ಸಾಲಿನ ನಿಜ ಒಂದು ಫೋನ್ ಕರೆಯ ದೂರದಲ್ಲಿರುತ್ತದೆ. "ನಮ್ಮ ತಂಡ ಮಾಡಿತು" ಎಂದಲ್ಲಿ ತಮ್ಮ ಪಾಲೆಷ್ಟು ಎಂಬುದನ್ನೂ ಬಿಡಿಸಿ ಬರೆದರು. ರೇಟಿಂಗ್ ಒಂದೇ ಸಾಲಿಗೆ ಇಳಿಯಿತು. ತಮ್ಮ ಘಟಕದಲ್ಲಿ ಮಾತ್ರ ಗೊತ್ತಿರುವ ವರದಿಗಳ ಹೆಸರು ತೆಗೆದು, ಅವುಗಳಿಂದ ಏನು ತಿಳಿಯುತ್ತದೆ ಎಂದು ಬರೆದರು. ಆ ಪ್ಯಾನೆಲ್‌ನಲ್ಲಿ ಇಬ್ಬರು ಬೇರೆ ಘಟಕದವರು.

ಸಂದರ್ಶನದಲ್ಲಿ ಬೇರಿಂಗಿನ ಕತೆಗೇ ಅರ್ಧ ಗಂಟೆ ಹೋಯಿತು. 20ರ ಬದಲು 24 ಯಾಕೆ, 30ಕ್ಕೇ ಮರಳಲಿಲ್ಲವೇಕೆ ಎಂದು ಕೆದಕಿದರು. ನಂತರ, ಹೊರಗಿನವನಿಗೆ ಯಾರೂ ಕೇಳದ ಪ್ರಶ್ನೆ ಬಂತು: ನೀವು ಬಿಟ್ಟುಹೋದರೆ ಅಲ್ಲಿ ಯಾರು? ಈಗಿನ ಮ್ಯಾನೇಜರ್ ಬಿಡಲು ಒಪ್ಪದಿದ್ದರೆ ಆಯ್ಕೆಯಾದರೂ ಹೋಗುವಂತಿರಲಿಲ್ಲ. ದಿನದ ವರದಿಯನ್ನು ಎಂಟು ತಿಂಗಳಿಂದ ಇಬ್ಬರು ಕಿರಿಯರೇ ಮಾಡುತ್ತಿದ್ದಾರೆ ಎಂದು ಅವರು ರೆಸ್ಯೂಮೆಯ ಕೊನೆಯಲ್ಲಿ ಬರೆದಿದ್ದರು. ಪ್ಯಾನೆಲ್‌ನವರು ಅಂದೇ ಸಂಜೆ ಆ ಇಬ್ಬರಲ್ಲಿ ಒಬ್ಬನಿಗೆ ಫೋನ್ ಮಾಡಿ ವಿಚಾರಿಸಿದರು.

ಹುದ್ದೆ ಸಿಕ್ಕಿತು. ಮ್ಯಾನೇಜರ್ ಅರವತ್ತು ದಿನ ಸತಾಯಿಸಿ ಬಿಟ್ಟುಕೊಟ್ಟರು.