ಸಾರಾಂಶ ಎಲ್ಲಿ ನಿಲ್ಲಬೇಕು? ಒಂಬತ್ತನೇ ತರಗತಿಯಲ್ಲಿ ಕಲಿತ ಒಂದು ಲೆಕ್ಕ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಮಾಲೂರು ತಾಲ್ಲೂಕಿನ ಒಂದು ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಆದರೂ ಎರಡನೇ ವಾರದಲ್ಲಿ ನನ್ನನ್ನು ಕಾಡಿದ್ದು ಸಾರಾಂಶ ಬರೆಸುವ ಕೆಲಸ. ಪ್ರತಿ ವಿಜ್ಞಾನ ಪಾಠದ ಕೊನೆಗೆ ಮಕ್ಕಳು ಓದಿದ್ದನ್ನು ತಮ್ಮ ಮಾತಿನಲ್ಲಿ ಚಿಕ್ಕದಾಗಿ ಬರೆಯಬೇಕು ಎಂದು ಪಾಠಯೋಜನೆಯಲ್ಲಿ ಹಾಕಿಕೊಂಡಿದ್ದೆ. ಅವರು ಬರೆದು ತಂದಾಗಲೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: "ಇನ್ನೂ ಚಿಕ್ಕದು ಮಾಡು." ನನ್ನ ಪಾಠ ನೋಡಲು ಬಂದಿದ್ದ ಕಾಲೇಜಿನ ಮೇಡಂ ಅವಲೋಕನ ಪುಸ್ತಕದಲ್ಲಿ ಒಂದು ಸಾಲು ಬರೆದು ಹೋದರು: "ಎಷ್ಟು ಚಿಕ್ಕದಾದರೆ ಸಾಕು ಎಂಬುದಕ್ಕೆ ನಿಮ್ಮ ಅಳತೆ ಏನು?" ನನ್ನ ಬಳಿ ಅಳತೆಯೇ ಇರಲಿಲ್ಲ.

ಶಾಲೆಯ ಕನ್ನಡ ಮೇಷ್ಟ್ರನ್ನು ಕೇಳಿದೆ. "ಸಂಕ್ಷೇಪಣೆ ಅಂದ್ರೆ ಮೂರನೇ ಒಂದು ಭಾಗಮ್ಮ, ನೀವೂ ಬರೆದಿಲ್ವಾ?" ಎಂದರು. ಗಣಿತದವಳಿಗೆ ಅದು ಹಿಡಿಸಿತು. ಸಾರಾಂಶದ ಉದ್ದವನ್ನು ಮೂಲದ ಉದ್ದದಿಂದ ಭಾಗಿಸಿದರೆ ಬರುವುದೇ ಸಂಕೋಚನ ಅನುಪಾತ. ಅದು 0.33ಕ್ಕೆ ಬಂದರೆ ನಿಲ್ಲಿಸುವುದು. (ಕಂಪ್ಯೂಟರಿನಲ್ಲಿ ಫೈಲು ಕುಗ್ಗಿಸುವವರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡಿ, ಮೂಲವನ್ನು ಕುಗ್ಗಿದ್ದರಿಂದ ಭಾಗಿಸುತ್ತಾರೆ. ಎರಡನ್ನೂ ಬೆರೆಸಬಾರದು.)

ನೈಸರ್ಗಿಕ ಸಂಪನ್ಮೂಲದ ಪಾಠಕ್ಕೆಂದು ನಾನೇ ಒಂದು ಗದ್ಯಭಾಗ ಬರೆದಿದ್ದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಅಂದರೆ ನಾವೆಲ್ಲ ಕೆ.ಸಿ. ವ್ಯಾಲಿ ಎನ್ನುವ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ನಮ್ಮ ಕಡೆ ಅದರ ಮಾತಿಲ್ಲದ ಮನೆಯಿಲ್ಲ. ಗದ್ಯಭಾಗ ಹೀಗಿತ್ತು:

"ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಹಿಂದಿನವರು ಮಳೆನೀರು ಹಿಡಿಯಲು ಸಾವಿರಾರು ಕೆರೆಗಳನ್ನು ಕಟ್ಟಿದ್ದರು. ಮಳೆ ಕಡಿಮೆಯಾಗಿ ಅವು ಬತ್ತಿದಾಗ ಜನ ಕೊಳವೆಬಾವಿಗಳನ್ನು ಆಳಕ್ಕೆ, ಇನ್ನೂ ಆಳಕ್ಕೆ ಕೊರೆಸಿದರು. ಈಗ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ಕೊಳವೆಗಳಲ್ಲಿ ತಂದು, ಲಕ್ಷ್ಮೀಸಾಗರ ಕೆರೆಗೆ ಬಿಟ್ಟು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಸುತ್ತಾರೆ. ಈ ನೀರು ನೆಲಕ್ಕೆ ಇಂಗಿ ಅಂತರ್ಜಲ ಏರಲಿ ಎಂಬುದು ಉದ್ದೇಶ. ಕೆರೆಯಿಂದ ನೇರವಾಗಿ ಕುಡಿಯುವುದಕ್ಕಲ್ಲ."

ಒಟ್ಟು 51 ಪದ. ಮೂರನೇ ಒಂದು ಭಾಗವೆಂದರೆ 17 ಪದ. ಮುಂದಿನ ಬೆಂಚಿನ ಒಬ್ಬ ಹುಡುಗಿ ಮೊದಲು ತಂದದ್ದು ಇದು: "ಕೋಲಾರ ಜಿಲ್ಲೆಯಲ್ಲಿ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿ ಜನ ಆಳದ ಕೊಳವೆಬಾವಿ ಕೊರೆಸಿದರು. ಈಗ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೆರೆಗಳಿಗೆ ತುಂಬಿಸುತ್ತಾರೆ. ಅದು ಅಂತರ್ಜಲ ಏರಿಸಲು, ಕುಡಿಯಲು ಅಲ್ಲ." 22 ಪದ, ಅನುಪಾತ 0.43. ಇನ್ನೂ ಚಿಕ್ಕದು ಮಾಡು ಎಂದೆ. ಎರಡನೇ ಸಲ: "ಕೋಲಾರದಲ್ಲಿ ನದಿಯಿಲ್ಲ, ಕೆರೆಗಳು ಬತ್ತಿ ಜನ ಕೊಳವೆಬಾವಿ ಕೊರೆಸಿದರು. ಈಗ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರನ್ನು ಕೆರೆಗಳಿಗೆ ತುಂಬಿಸುತ್ತಾರೆ. ಅದು ಅಂತರ್ಜಲವೇರಿಸಲು, ಕುಡಿಯಲಲ್ಲ." 16 ಪದ, 0.31. ಗುರಿ ದಾಟಿತು.

ಆದರೆ ಕಣ್ಣಿಗೆ ಅದು ಅಷ್ಟೇನೂ ಚಿಕ್ಕದಾಗಿ ಕಾಣಲಿಲ್ಲ. ಕಾರಣ ಹೊಳೆಯಲು ಒಂದು ನಿಮಿಷ ಬೇಕಾಯಿತು. ಅವಳು ಒಂದಿಷ್ಟು ಪದ ನಿಜವಾಗಿ ಬಿಟ್ಟಿದ್ದಳು, ಉಳಿದದ್ದು ಸಂಧಿ ಸಮಾಸದ ಕೈಚಳಕ. "ಕೊಳಚೆ ನೀರನ್ನು" ಎರಡು ಪದ, "ಕೊಳಚೆನೀರನ್ನು" ಒಂದು ಪದ. "ಕುಡಿಯಲು ಅಲ್ಲ" ಎರಡು, "ಕುಡಿಯಲಲ್ಲ" ಒಂದು. ಪದಗಳನ್ನು ಅಂಟಿಸಬಲ್ಲ ಭಾಷೆಯಲ್ಲಿ ಪದ ಎಣಿಸಿದರೆ ಅಂಟು ಹಾಕಿದವರಿಗೆ ಅಂಕ ಹೋಗುತ್ತದೆ.

ಹಾಗಾಗಿ ಅಕ್ಷರ ಎಣಿಸಲು ನಿರ್ಧರಿಸಿದೆ. ಛಂದಸ್ಸಿನ ಪ್ರಸ್ತಾರ ಹಾಕಿ ರೂಢಿಯಿದ್ದುದರಿಂದ ಮಕ್ಕಳಿಗೆ ಇದು ಹೊಸದಲ್ಲ: ಒತ್ತಕ್ಷರ, ಕಾಗುಣಿತ, ಅನುಸ್ವಾರ ಎಲ್ಲ ಸೇರಿ ಒಂದು ಅಕ್ಷರ. "ಲಕ್ಷ್ಮೀ" ಎರಡು, "ಬೆಂಗಳೂರಿನ" ಐದು. ಚೌಕಗಳಿರುವ ಗಣಿತದ ನೋಟ್‌ಬುಕ್ಕಿನಲ್ಲಿ ಚೌಕಕ್ಕೊಂದು ಅಕ್ಷರ ಬರೆಸಿದರೆ ಎಣಿಕೆ ಬೇಗ ಮುಗಿಯುತ್ತದೆ. ಕಂಪ್ಯೂಟರಿನ ಎಣಿಕೆ ಇದಕ್ಕೆ ಹೊಂದುವುದಿಲ್ಲ. ಅದು ಕ್ಷ್ಮೀ ಒಂದನ್ನೇ ಬಿಡಿ ಬಿಡಿಯಾಗಿ ಆರು ಎಂದು ಲೆಕ್ಕ ಹಾಕುತ್ತದೆ. ಯಾವ ಎಣಿಕೆಯಾದರೂ ಸರಿ, ಮೂಲಕ್ಕೂ ಸಾರಾಂಶಕ್ಕೂ ಅದೇ ಇರಬೇಕು. ಮೂಲ ಗದ್ಯಭಾಗ 180 ಅಕ್ಷರ. ಹುಡುಗಿಯ ಮೊದಲ ಬರಹ 81 ಅಕ್ಷರ, ಅಂದರೆ 0.45. ಎರಡನೆಯದು 71, ಅಂದರೆ 0.39. ಪದದ ಲೆಕ್ಕದಲ್ಲಿ ಗುರಿ ದಾಟಿದ್ದು ಅಕ್ಷರದ ಲೆಕ್ಕದಲ್ಲಿ ಇನ್ನೂ ಹೊರಗೇ ಇತ್ತು.

ನನ್ನ ತಪ್ಪು ಆಮೇಲೆ ಆದದ್ದು. 60 ಅಕ್ಷರಕ್ಕೆ ಇಳಿಸಲೇಬೇಕು ಎಂದು ಮತ್ತೆ ಕಳಿಸಿದೆ. ಮೂರನೇ ಬರಹ: "ಕೋಲಾರದ ಕೆರೆಗಳು ಬತ್ತಿ ಕೊಳವೆಬಾವಿ ಆಳಕ್ಕಿಳಿದವು. ಈಗ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೆರೆ ತುಂಬುತ್ತಿದೆ, ಅಂತರ್ಜಲ ಏರಲಿದೆ." 50 ಅಕ್ಷರ, 0.28. ಚೆನ್ನಾಗಿದೆ ಎಂದು ಸರಿ ಗುರುತು ಹಾಕಿ ಕಪ್ಪುಹಲಗೆಯ ಮೇಲೆ ಬರೆಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ಕೇಳಿದ: "ಮಿಸ್, ಹಂಗಾದ್ರೆ ಅದು ಫಿಲ್ಟರ್ ನೀರೇನಾ? ಕುಡೀಬಹುದಾ?"

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದರಿಂದ ಊರೂರಿನಲ್ಲಿ ಶುದ್ಧ ನೀರಿನ ಘಟಕವಿದೆ. ಮಕ್ಕಳೇ ಕ್ಯಾನ್ ಹೊತ್ತು ತರುತ್ತಾರೆ. ಅವರ ಕಿವಿಗೆ "ಶುದ್ಧೀಕರಿಸಿದ ನೀರು" ಅಂದರೆ ಅದೇ. ನಾನು ಚಿಕ್ಕದು ಮಾಡಿಸುತ್ತ ಹೋಗಿ "ಕೊಳಚೆ" ಎಂಬ ಮೂರಕ್ಷರವನ್ನೂ "ಕುಡಿಯಲು ಅಲ್ಲ" ಎಂಬ ಆರಕ್ಷರವನ್ನೂ ಹೊಡೆಸಿಹಾಕಿದ್ದೆ. ಅನುಪಾತ ಬಹಳ ಚೆನ್ನಾಗಿತ್ತು, ಸಾರಾಂಶ ಅಪಾಯದ್ದಾಗಿತ್ತು. ಕನ್ನಡ ಮೇಷ್ಟ್ರು ನೋಟ್‌ಬುಕ್ ನೋಡಿ ಇನ್ನೊಂದನ್ನು ತೋರಿಸಿದರು. ಎರಡನೇ ಬರಹದ "ನದಿಯಿಲ್ಲ" ಎಂಬುದೂ ಸುಳ್ಳೇ. ಪಾಲಾರ್ ನಮ್ಮ ಜಿಲ್ಲೆಯಲ್ಲೇ ಹಾದುಹೋಗುತ್ತದೆ, ಬೇತಮಂಗಲದ ಕೆರೆ ಅದರ ನೀರಿನದೇ. ಮೂಲದಲ್ಲಿದ್ದ "ವರ್ಷವಿಡೀ" ಬಿದ್ದುಹೋದದ್ದು ಮೊದಲ ಬರಹದಲ್ಲೇ. ನಾನು ಅದನ್ನು ಎರಡು ಸಲ ನೋಡಿಯೂ ಗಮನಿಸಿರಲಿಲ್ಲ.

ಸಂಜೆ ಶ್ರೀನಿವಾಸಪುರದ ಬಸ್ಸಿನಲ್ಲಿ ಕುಳಿತು ಮೂರು ಬರಹಗಳನ್ನೂ ಮತ್ತೆ ನೋಡಿದೆ. ಮೊದಲನೆಯದರಿಂದ ಎರಡನೆಯದಕ್ಕೆ 10 ಅಕ್ಷರ ಕಡಿಮೆಯಾದಾಗ ಮುಖ್ಯ ವಿಷಯ ಹೆಚ್ಚೇನೂ ಹೋಗಿರಲಿಲ್ಲ. ಎರಡರಿಂದ ಮೂರಕ್ಕೆ 21 ಅಕ್ಷರ ಹೋದಾಗ ಒಂದು ವಿಷಯ ಪೂರ್ತಿ ಹೋಯಿತು, ಇನ್ನೊಂದು ಅರ್ಥವೇ ಬದಲಾಯಿತು. ನಿಲ್ಲಬೇಕಾದ ಜಾಗ ಈ ಎರಡರ ನಡುವೆ ಎಲ್ಲೋ ಇತ್ತು. ಅನುಪಾತ ಒಂದೇ ಅದನ್ನು ತೋರಿಸಲಾರದು, ಏಕೆಂದರೆ ಏನು ಹೋಯಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಮೂಲದ ಮೊದಲ ವಾಕ್ಯ ಮತ್ತು ಎರಡನೆಯದರಲ್ಲಿ "ಕಟ್ಟಿದ್ದರು" ತನಕ ಸುಮ್ಮನೆ ನಕಲು ಮಾಡಿದರೂ 49 ಅಕ್ಷರ, 0.27 ಬರುತ್ತದೆ. ಬೆಂಗಳೂರಿನ ನೀರಿನ ಸುದ್ದಿಯೇ ಅದರಲ್ಲಿ ಇರುವುದಿಲ್ಲ. ಮುಳಬಾಗಿಲಿನಲ್ಲಿ ಅಭ್ಯಾಸ ಬೋಧನೆ ಮಾಡುತ್ತಿದ್ದ ನನ್ನ ಸಹಪಾಠಿ ಇದನ್ನೇ ಕಂಡಿದ್ದಳು. ಮನೆಯಲ್ಲಿ ತೆಲುಗು ಮಾತಾಡುವ ಅವಳ ತರಗತಿಯ ಕೆಲವು ಮಕ್ಕಳು ಸ್ವಂತ ವಾಕ್ಯ ಕಟ್ಟಲು ಅಂಜಿ ಮೇಲಿನ ಸಾಲುಗಳನ್ನು ಇಳಿಸಿಕೊಟ್ಟಿದ್ದರು.

ಮರುದಿನ ಕ್ರಮ ಬದಲಿಸಿದೆ. ಬರೆಯುವ ಮೊದಲೇ, ಮೂಲ ಓದಿದವನು ಮರೆಯಬಾರದ ವಿಷಯಗಳು ಯಾವುವು ಎಂದು ತರಗತಿಯನ್ನೇ ಕೇಳಿ ಕಪ್ಪುಹಲಗೆಯ ಬಲಗಡೆ ಬರೆದೆ: ಕೆರೆಗಳು ಬತ್ತಿದ್ದು, ಕೊಳವೆಬಾವಿ ಆಳಕ್ಕೆ ಹೋದದ್ದು, ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆರೆ ತುಂಬುವುದು, ಅದು ಅಂತರ್ಜಲಕ್ಕಾಗಿ ಎಂಬುದು, ಕುಡಿಯಲು ಅಲ್ಲ ಎಂಬುದು. ಐದು ವಿಷಯ. ನದಿಯ ಮಾತು ಬೇಕಿಲ್ಲ ಎಂದು ಮಕ್ಕಳೇ ತೀರ್ಮಾನಿಸಿದರು. ಗುರಿಯನ್ನು 0.33 ಎಂಬ ಒಂದು ಬಿಂದುವಿನಲ್ಲಿ ಇಡದೆ 0.30ರಿಂದ 0.40 ಎಂಬ ಪಟ್ಟಿಯಾಗಿ ಇಟ್ಟೆ. ಅನುಪಾತ 0.40ಕ್ಕಿಂತ ಮೇಲಿದ್ದರೆ ಐದರಲ್ಲಿ ಯಾವುದನ್ನೂ ಹೇಳದ ಪದಗಳನ್ನು ಹುಡುಕಿ ತೆಗೆಯಬೇಕು. ಪಟ್ಟಿಯೊಳಗೆ ಬಂದ ಮೇಲೆ ಪ್ರತಿ ಸಲ ಒಂದು ಪದ ಮುಚ್ಚಿ ಓದಬೇಕು. ಮುಚ್ಚಿದಾಗ ಐದರಲ್ಲಿ ಒಂದು ಹೋದರೆ ಅಲ್ಲಿಗೆ ನಿಲ್ಲಿಸಬೇಕು. 0.30ಕ್ಕಿಂತ ಕೆಳಗೆ ಬಂದವರು ಹಿಗ್ಗುವ ಬದಲು ಏನು ಕಳೆಯಿತು ಎಂದು ಹುಡುಕಬೇಕು.

ಈ ಪಟ್ಟಿ ಎಲ್ಲ ಬರಹಕ್ಕೂ ಒಂದೇ ಅಲ್ಲ. ಹತ್ತನೇ ತರಗತಿಯಲ್ಲಿ ಓಮ್‌ನ ನಿಯಮದ ಮಂಡಲ ಜೋಡಿಸುವ ಕ್ರಮವನ್ನು ಸಾರಾಂಶ ಮಾಡಿಸಲು ಹೋಗಿ ಸೋತೆ. ಅಮ್ಮೀಟರ್ ಸರಣಿಯಲ್ಲಿ, ವೋಲ್ಟ್‌ಮೀಟರ್ ಸಮಾಂತರವಾಗಿ, ಧನಾಗ್ರ ಯಾವ ಕಡೆಗೆ, ಸ್ವಿಚ್ ಕೊನೆಗೆ. ಅಲ್ಲಿ ಪ್ರತಿ ವಾಕ್ಯವೂ ಒಂದು ವಿಷಯ. 0.6ರ ಹತ್ತಿರ ಬಂದಾಗಲೇ ಮುಂದಿನ ಕಡಿತಕ್ಕೆ ಒಂದು ಹಂತ ಬಲಿಯಾಗುತ್ತಿತ್ತು, ಅಲ್ಲೇ ಬಿಟ್ಟೆ. ವಿಷಯಗಳ ಪಟ್ಟಿ ಮೊದಲು ಬರೆದುಕೊಂಡರೆ ಗದ್ಯಭಾಗ ದಟ್ಟವೋ ತೆಳುವೋ ಎಂಬುದು ತಿಳಿಯುತ್ತದೆ, ಗುರಿಯನ್ನು ಅದಕ್ಕೆ ತಕ್ಕಂತೆ ಇಡಬಹುದು.

ಒಂಬತ್ತನೇ ತರಗತಿಯ ಆ ಹುಡುಗಿ ಕೊನೆಗೆ ತಂದದ್ದು ಇದು: "ಕೋಲಾರದ ಕೆರೆಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದವು. ಈಗ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆರೆ ತುಂಬುತ್ತಿದೆ. ಅದು ಅಂತರ್ಜಲ ಏರಿಸಲು, ಕುಡಿಯಲು ಅಲ್ಲ." ಚೌಕಗಳಲ್ಲಿ ಎಣಿಸಿದಾಗ 63 ಅಕ್ಷರ, 0.35. ಐದೂ ವಿಷಯ ಇದ್ದವು. "ಅದು" ಎಂಬುದನ್ನು ತೆಗೆದರೆ 61 ಆಗುತ್ತದೆ, ಮೂರನೇ ಒಂದು ಭಾಗಕ್ಕೆ ಒಂದೇ ಅಕ್ಷರ ಹೆಚ್ಚು, ತೆಗೆಯುತ್ತೀಯಾ ಎಂದು ಕೇಳಿದೆ. ಅವಳು ಬೆರಳಿನಿಂದ ಆ ಎರಡು ಚೌಕ ಮುಚ್ಚಿ ಒಮ್ಮೆ ಓದಿಕೊಂಡಳು.

"ಬೇಡ ಮಿಸ್, ಇರ್ಲಿ. ಯಾವುದು ಕುಡಿಯೋಕಲ್ಲ ಅಂತ ಗೊತ್ತಾಗ್ಬೇಕಲ್ಲ" ಎಂದಳು. ನಾನು ಪುಸ್ತಕದಲ್ಲಿ ಸಹಿ ಹಾಕಿದೆ.