ಹೆಸರಿನ ಜೊತೆ ಉದ್ದೇಶವೂ ಇರಲಿ

ತೀರಿಕೊಂಡ ನಮ್ಮ ಗಣಿತದ ಮೇಡಂ ಹೆಸರಿನಲ್ಲಿ ನಿಧಿ ಮಾಡೋಣವೆಂದು ಸಭೆ ಸೇರಿದಾಗ ಮೊದಲು ಬರೆದದ್ದು ಅವರ ಹೆಸರು, ಪಕ್ಕದಲ್ಲಿ ‘ಸ್ಮಾರಕ ನಿಧಿ’ ಎಂದಷ್ಟೇ. ಹಳೆ ವಿದ್ಯಾರ್ಥಿಯೊಬ್ಬರು ಕೇಳಿದರು: “ಇದು ಕಟ್ಟಡಕ್ಕೋ, ಬಹುಮಾನಕ್ಕೋ?”

ಆ ಪ್ರಶ್ನೆಯೇ ನಮಗೆ ದಾರಿ ತೋರಿಸಿತು. ಹೆಚ್ಚು ಅಂಕ ಪಡೆದವರಿಗೆ ಬಹುಮಾನಗಳು ಈಗಲೂ ಇವೆ. ಮೇಡಂ ಸದ್ದಿಲ್ಲದೆ ಮಾಡುತ್ತಿದ್ದುದು ಬೇರೆ. ಪರೀಕ್ಷಾ ಶುಲ್ಕ ಕಟ್ಟಲಾಗದವರಿಗೆ ತಾವೇ ಕಟ್ಟುತ್ತಿದ್ದರು. ಹಾಗಾಗಿ ಅವರ ಹೆಸರಿನ ಮುಂದೆ ‘ಸ್ಮರಣಾರ್ಥ ಪರೀಕ್ಷಾ ಶುಲ್ಕ ನೆರವು’ ಎಂದು ಸೇರಿಸಿದೆವು. ಈಗ ರಸೀದಿ ನೋಡಿದವರಿಗೆ ಹಣ ಎಲ್ಲಿಗೆ ಹೋಗುತ್ತದೆಂದು ಕೇಳಬೇಕಿಲ್ಲ.

ಗಣಿತ ಓದುವವರಿಗೆ ಮಾತ್ರ ಕೊಡೋಣವೆಂದು ಕೆಲವರು ಹೇಳಿದರು. ಆದರೆ ಷರತ್ತು ತೀರಾ ಬಿಗಿಯಾದರೆ, ಅರ್ಜಿ ಬಾರದ ವರ್ಷ ಹಣ ಸುಮ್ಮನೆ ಬಿದ್ದಿರುತ್ತದೆ. ಕಲಾ ವಿಭಾಗದ ಬಡ ವಿದ್ಯಾರ್ಥಿನಿ ಹೊರಗುಳಿಯುತ್ತಾಳೆ. ಕೊನೆಗೆ ಎಲ್ಲ ವಿಭಾಗಗಳಿಗೂ ತೆರೆದಿಟ್ಟು, ಉಳಿದ ಹಣ ಪಠ್ಯಪುಸ್ತಕಕ್ಕೆ ಎಂದು ಬರೆದೆವು.

30 ಜನ ವರ್ಷಕ್ಕೆ 500 ರೂಪಾಯಿ ಕೊಟ್ಟರೆ 15,000. ತಲಾ 1,000ದಂತೆ 15 ಜನರಿಗೆ ನೆರವಾಗುತ್ತದೆ. ಆ ವರ್ಷದ್ದು ಆ ವರ್ಷವೇ ಖರ್ಚು, ಬಡ್ಡಿಯ ಮಾತಿಲ್ಲ.

ಹೆಸರು ಬಳಸಲು ಮನೆಯವರ ಒಪ್ಪಿಗೆ ಕೇಳಿದಾಗ ಅವರ ಮಗ ಒಂದೇ ಮಾತು ಹೇಳಿದರು: ಪಡೆದವರನ್ನು ವೇದಿಕೆಗೆ ಕರೆಯಬೇಡಿ. ಆದ್ದರಿಂದ ಸೂಚನಾ ಫಲಕದಲ್ಲಿ ಎಷ್ಟು ಜನ, ಎಷ್ಟು ಹಣ ಎಂಬುದಷ್ಟೇ ಇರುತ್ತದೆ. ಅಲ್ಲಿ ಇರುವ ಹೆಸರು ಮೇಡಂದು ಮಾತ್ರ.